ಒಂದೇ ಫ್ರೇಮ್‌ನಲ್ಲಿ ಎರಡು ಚಿತ್ರ: ರಿಯಾಕ್ಷನ್ ಮತ್ತು ಹೋಲಿಕೆ ವಿಡಿಯೊ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕನ್ನಡ ಚಾನೆಲ್ ನಡೆಸುವ ಗೆಳೆಯರಿಗೆ ಎಡಿಟ್ ಮಾಡಿಕೊಡುತ್ತೇನೆ. ಅವರು ಫೋನಿನಲ್ಲಿ, ವಾಟ್ಸಾಪಿನಲ್ಲಿ, ಗಾಂಧಿಬಜಾರಿನಲ್ಲಿ ಕಾಫಿಗೆ ಸಿಕ್ಕಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಅವರದೇ ಮಾತಿನಲ್ಲಿವೆ. ಅಳತೆಗಳೆಲ್ಲ 1920×1080 ಫ್ರೇಮಿಗೆ. ನಿಮ್ಮದು 4ಕೆ ಟೈಮ್‌ಲೈನ್ ಆದರೆ ಎಲ್ಲವನ್ನೂ ಎರಡರಿಂದ ಗುಣಿಸಿಕೊಳ್ಳಿ.

## ಮೊದಲ ಪಾಠ

ಅಕ್ಕ, ಸ್ಪ್ಲಿಟ್ ಸ್ಕ್ರೀನ್ ಹಾಕ್ಲಾ, ಇಲ್ಲ ಮೂಲೇಲಿ ಚಿಕ್ಕ ಬಾಕ್ಸ್ ಹಾಕ್ಲಾ?

ಒಂದು ಚಿತ್ರವನ್ನು ಕೈಯಲ್ಲಿ ಮುಚ್ಚಿ ನೋಡಿ. ಉಳಿದ ಚಿತ್ರ ಒಂಟಿಯಾಗಿ ಅರ್ಥವಾಗುತ್ತದೆಯೇ?

ಟೀಸರ್ ನೋಡಿ ರಿಯಾಕ್ಷನ್ ಕೊಡುವಾಗ ನಿಮ್ಮ ಮುಖ ಮುಚ್ಚಿದರೂ ಟೀಸರ್ ನಡೆಯುತ್ತದೆ. ಅಂದರೆ ಅಲ್ಲಿ ಟೀಸರ್ ಮುಖ್ಯ, ಮುಖ ಅದಕ್ಕೆ ಜೊತೆ. ಇದಕ್ಕೆ ಮೂಲೆಯ ಬಾಕ್ಸ್, ಅಂದರೆ ಪಿಕ್ಚರ್ ಇನ್ ಪಿಕ್ಚರ್ ಸರಿ. ಎರಡು ಫೋನಿನ ಕ್ಯಾಮೆರಾ ಹೋಲಿಸುವಾಗ ಒಂದನ್ನು ಮುಚ್ಚಿದರೆ ವಿಡಿಯೊಗೆ ಅರ್ಥವೇ ಇರುವುದಿಲ್ಲ. ಅಲ್ಲಿ ಎರಡೂ ಸಮ, ಆದ್ದರಿಂದ ಸ್ಪ್ಲಿಟ್.

ಫ್ರೇಮ್ ಗಿಜಿಗುಡುವುದು ಈ ಎರಡನ್ನೂ ಒಟ್ಟಿಗೆ ಹಾಕಿದಾಗ. ಎರಡು ಫೋನಿನ ಚಿತ್ರ, ಮೇಲೆ ಮೂಲೆಯಲ್ಲಿ ಮಾತಾಡುವ ಮುಖ, ಕೆಳಗೆ ಅಂಕದ ಪಟ್ಟಿ. ನೋಡುವವರ ಕಣ್ಣು ಎಲ್ಲಿಗೆ ಹೋಗಬೇಕು ಹೇಳಿ! ಹೋಲಿಕೆ ನಡೆಯುವಾಗ ಮುಖ ತೆಗೆದುಬಿಡಿ, ಧ್ವನಿ ಸಾಕು.

ಎರಡು ವಿಡಿಯೊ ಪಕ್ಕ ಪಕ್ಕ ಇಟ್ರೆ ಮೇಲೆ ಕೆಳಗೆ ಅಷ್ಟೊಂದು ಕಪ್ಪು ಯಾಕೆ ಬರುತ್ತೆ?

ಫ್ರೇಮನ್ನು ಉದ್ದಕ್ಕೆ ಸೀಳಿದರೆ ಒಂದೊಂದು ಅರ್ಧಕ್ಕೆ 960×1080 ಸಿಗುತ್ತದೆ. ಅದು ಹೆಚ್ಚುಕಡಿಮೆ ಚೌಕ. ಅದರೊಳಗೆ 16:9ರ ಅಗಲವಾದ ವಿಡಿಯೊವನ್ನು ಪೂರ್ತಿ ಕೂರಿಸಿದರೆ ಅದು 960×540ಕ್ಕೆ ಕುಗ್ಗುತ್ತದೆ. ಮೇಲೆ 270, ಕೆಳಗೆ 270 ಪಿಕ್ಸೆಲ್ ಖಾಲಿ. ಎರಡೂ ಸೇರಿ ಫ್ರೇಮಿನ ಅರ್ಧ ಜಾಗ ಸುಮ್ನೆ ಹೋಯಿತು.

ಕುಗ್ಗಿಸುವ ಬದಲು ಕತ್ತರಿಸಿ. ಎರಡೂ ವಿಡಿಯೊಗಳ ನಡುವಿನ ಅರ್ಧ ಅಗಲವನ್ನು ಮಾತ್ರ ತೆಗೆದುಕೊಂಡರೆ ಪೂರ್ತಿ ಎತ್ತರ ತುಂಬುತ್ತದೆ. ಆದರೆ ಇದು ಶೂಟ್ ಮಾಡುವಾಗಲೇ ತಲೆಯಲ್ಲಿರಬೇಕು. ತೋರಿಸಬೇಕಾದ ವಸ್ತು ನಡುವಿನ ಅರ್ಧದಲ್ಲೇ ಇರಲಿ. ಎಡ ಬಲದ ಕಾಲು ಕಾಲು ಭಾಗ ಹೋಗುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಕ್ಯಾಮೆರಾ ಆಪ್‌ನಲ್ಲಿ ಮೂರು ಮೂರು ಭಾಗದ ಗ್ರಿಡ್ ಗೆರೆ ಇರುತ್ತದೆ. ನಡುವಿನ ಕಂಬದೊಳಗೆ ವಸ್ತು ಇದ್ದರೆ ನಿಶ್ಚಿಂತೆ.

ಹಳೆಯ ಶೂಟ್ ಆಗಿದ್ದು, ವಸ್ತು ಅಂಚಿನಲ್ಲಿದ್ದರೆ ಕತ್ತರಿಸುವ ಜಾಗವನ್ನು ಪಕ್ಕಕ್ಕೆ ಸರಿಸಬಹುದು. ಅದೂ ಆಗದಿದ್ದರೆ ಕಪ್ಪು ಪಟ್ಟಿ ಇರಲಿ ಬಿಡಿ, ಮೇಲಿನ ಪಟ್ಟಿಯಲ್ಲಿ ಹೆಸರು ಬರೆಯಿರಿ. ಮುಖ್ಯ ವಿಷಯವನ್ನೇ ಕತ್ತರಿಸುವುದಕ್ಕಿಂತ ಅದು ಮೇಲು.

ನನ್ನ ಮುಖದ ಬಾಕ್ಸ್ ಎಷ್ಟು ದೊಡ್ಡದಿರಬೇಕು?

ಇದನ್ನು ಎಡಿಟ್ ಮಾಡುವ ದೊಡ್ಡ ಮಾನಿಟರ್ ನೋಡಿ ನಿರ್ಧರಿಸಬೇಡಿ. ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ನೋಡುವವರು ಫೋನನ್ನು ಅಡ್ಡ ತಿರುಗಿಸುವುದೇ ಇಲ್ಲ. ಹಾಗೆ ನಿಲ್ಲಿಸಿ ಹಿಡಿದ ಫೋನಿನಲ್ಲಿ ನಿಮ್ಮ ಇಡೀ ವಿಡಿಯೊ ಸುಮಾರು 7 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಎತ್ತರ. ಅದರಲ್ಲಿ 380×420 ಪಿಕ್ಸೆಲ್‌ನ ಬಾಕ್ಸ್ ಹೆಬ್ಬೆರಳಿನ ಉಗುರಿನಷ್ಟಿರುತ್ತದೆ. ಅದಕ್ಕಿಂತ ಚಿಕ್ಕದಾದರೆ ನಗು ಕಾಣಿಸಬಹುದು, ಆದರೆ ಹುಬ್ಬು ಏರಿದ್ದು ಕಾಣುವುದಿಲ್ಲ. ಹುಬ್ಬೇ ಕಾಣದಿದ್ದರೆ ರಿಯಾಕ್ಷನ್ ಯಾಕೆ?

ಬಾಕ್ಸ್ ಅಳತೆಗಿಂತ ಅದರೊಳಗೆ ಮುಖ ಎಷ್ಟಿದೆ ಎನ್ನುವುದು ಮುಖ್ಯ. ಲ್ಯಾಪ್‌ಟಾಪ್ ಕ್ಯಾಮೆರಾದ 16:9 ಚಿತ್ರವನ್ನು ಹಾಗೇ ಕುಗ್ಗಿಸಿ ಮೂಲೆಗೆ ಹಾಕುವವರು ಜಾಸ್ತಿ. ಅದರಲ್ಲಿ ಬೀರು, ಕ್ಯಾಲೆಂಡರ್, ಫ್ಯಾನಿನ ರೆಕ್ಕೆ ಎಲ್ಲ ಇದ್ದು ಮುಖಕ್ಕೆ ಸಿಗುವುದು ಐದನೇ ಒಂದು ಭಾಗ. ಮೊದಲು ತಲೆಯಿಂದ ಭುಜದವರೆಗೆ ಕತ್ತರಿಸಿ, ಆಮೇಲೆ ಕುಗ್ಗಿಸಿ. ನೆತ್ತಿಯಿಂದ ಗಲ್ಲದವರೆಗೆ ಬಾಕ್ಸಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎತ್ತರ ಬರಲಿ. ಇಷ್ಟು ಮಾಡಿದರೆ ಬಾಕ್ಸ್ ಚಿಕ್ಕದಾದರೂ ಮುಖ ದೊಡ್ಡದಾಗುತ್ತದೆ. ಒಬಿಎಸ್‌ನಲ್ಲಿ `Alt` ಒತ್ತಿಕೊಂಡು ಅಂಚನ್ನು ಎಳೆದರೆ ಕತ್ತರಿಸುತ್ತದೆ. ಬರೀ ಎಳೆದರೆ ಕುಗ್ಗುತ್ತದೆ.

ಯಾವ ಮೂಲೆ ಒಳ್ಳೇದು?

ಎಲ್ಲರೂ ಕೆಳಗಿನ ಬಲ ಮೂಲೆ ಎನ್ನುತ್ತಾರೆ, ಹೆಚ್ಚಾಗಿ ಅದು ಸರಿಯೇ. ಮೇಲಿನ ಬಲ ಮೂಲೆಯಲ್ಲಿ ಯೂಟ್ಯೂಬ್‌ನ ಕಾರ್ಡ್ ಗುರುತು ಬರುತ್ತದೆ, ಮೇಲಿನ ಎಡಕ್ಕೆ ಕ್ಲಿಪ್‌ನವರ ಲೋಗೋ ಇರಬಹುದು. ಆದರೆ ನಮ್ಮ ಸಿನಿಮಾ ಕ್ಲಿಪ್‌ಗಳಲ್ಲಿ ಸಿಗರೇಟು, ಕುಡಿತದ ದೃಶ್ಯ ಬಂದಾಗ ಆರೋಗ್ಯದ ಎಚ್ಚರಿಕೆಯ ಸಾಲು ಕೆಳಗಡೆಯೇ ಬರುತ್ತದೆ. ಅದನ್ನು ಮುಖದಿಂದ ಮುಚ್ಚುವುದು ಚೆನ್ನಾಗಿರುವುದಿಲ್ಲ.

ಎಡಿಟ್‌ಗೆ ಕೂರುವ ಮೊದಲು ಕ್ಲಿಪ್ ಹಾಕಿ, ಪರದೆಯ ಆ ಮೂಲೆಗೆ ಒಂದು ಸ್ಟಿಕಿ ನೋಟ್ ಅಂಟಿಸಿ ಪೂರ್ತಿ ನೋಡಿ. ಅದರ ಹಿಂದೆ ಹೆಸರು, ಬರಹ, ಮುಖ್ಯ ಪಾತ್ರ ಎಷ್ಟು ಸಲ ಮರೆಯಾಯಿತು ಎಂದು ಗೊತ್ತಾಗುತ್ತದೆ. ಬಹಳ ಸಲ ಆದರೆ ಎಡಕ್ಕೆ ಹೋಗಿ. ಒಮ್ಮೆ ಆರಿಸಿದ ಮೂಲೆಯನ್ನು ಆ ವಿಡಿಯೊದಲ್ಲಿ ಬದಲಿಸಬೇಡಿ. ಹಾರಾಡುವ ಬಾಕ್ಸ್ ಕಣ್ಣಿಗೆ ಕಿರಿಕಿರಿ.

## ರಿಯಾಕ್ಷನ್ ವಿಡಿಯೊ

ಟೀಸರ್ ಮೇಲೆ ಮುಖ ಹಾಕಿದ್ರೆ ಟೀಸರ್ ಮುಚ್ಚುತ್ತೆ, ಟೀಸರ್ ಚಿಕ್ಕದು ಮಾಡಿದ್ರೆ ಮಜಾ ಹೋಗುತ್ತೆ. ಏನ್ ಮಾಡ್ಲಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಉತ್ತರ ಟೀಸರ್ ಒಳಗೇ ಇದೆ. ಈಗಿನ ದೊಡ್ಡ ಸಿನಿಮಾ ಟೀಸರ್‌ಗಳು ಬಹುಪಾಲು ಸ್ಕೋಪ್ ಅಳತೆಯಲ್ಲಿ, ಅಂದರೆ ಸುಮಾರು 2.39:1ರಲ್ಲಿ ಬರುತ್ತವೆ. 1920 ಅಗಲಕ್ಕೆ ಚಿತ್ರದ ಎತ್ತರ ಸುಮಾರು 804 ಪಿಕ್ಸೆಲ್ ಮಾತ್ರ. ಉಳಿದ 276 ಪಿಕ್ಸೆಲ್ ಮೇಲೆ 138, ಕೆಳಗೆ 138 ಎಂದು ಎರಡು ಕಪ್ಪು ಪಟ್ಟಿಯಾಗಿ ಹಂಚಿಹೋಗಿದೆ. ಹಾಗೆ ಹಂಚಿದ್ದರಿಂದ ಎರಡೂ ನಮಗೆ ಕೆಲಸಕ್ಕೆ ಬರುವುದಿಲ್ಲ.

ಟೀಸರನ್ನು 138 ಪಿಕ್ಸೆಲ್ ಮೇಲಕ್ಕೆ ತಳ್ಳಿ. ಚಿತ್ರ ಫ್ರೇಮಿನ ಮೇಲಂಚಿಗೆ ಕೂತುಕೊಳ್ಳುತ್ತದೆ, ಕೆಳಗೆ 276 ಪಿಕ್ಸೆಲ್ ಎತ್ತರದ ಒಂದೇ ಪಟ್ಟಿ ಸಿಗುತ್ತದೆ. ಟೀಸರ್ ಒಂದು ಪಿಕ್ಸೆಲ್ ಕೂಡ ಕುಗ್ಗಲಿಲ್ಲ. ಡವಿಂಚಿ ರಿಸಾಲ್ವ್‌ನಲ್ಲಿ ಇನ್‌ಸ್ಪೆಕ್ಟರ್‌ಗೆ ಹೋಗಿ `Position Y` ಜಾಗದಲ್ಲಿ `138` ಕೊಡಿ. ಒಬಿಎಸ್‌ನಲ್ಲಿ ಲೆಕ್ಕ ಮೇಲಿನಿಂದ ಕೆಳಕ್ಕೆ ನಡೆಯುವುದರಿಂದ ಅಲ್ಲಿ `-138`. `Ctrl+E` ಒತ್ತಿದರೆ ಅಂಕಿ ಬರೆಯುವ ಕಿಟಕಿ ತೆರೆಯುತ್ತದೆ.

ಈಗ 380×420ರ ಮುಖದ ಬಾಕ್ಸನ್ನು ಕೆಳಗಿನ ಬಲ ಮೂಲೆಯಲ್ಲಿ, ಎರಡು ಅಂಚಿನಿಂದಲೂ 24 ಪಿಕ್ಸೆಲ್ ಬಿಟ್ಟು ಇಡಿ. ಅದರ ತಲೆ ಮಾತ್ರ ಟೀಸರ್ ಮೇಲೆ 168 ಪಿಕ್ಸೆಲ್ ಏರುತ್ತದೆ. ಟೀಸರ್ ಚಿತ್ರದ ಸುಮಾರು ನೂರಕ್ಕೆ ನಾಲ್ಕು ಭಾಗ ಮುಚ್ಚಿತು ಅಷ್ಟೆ. ಟೀಸರ್ ತಳ್ಳದೆ ಇದೇ ಬಾಕ್ಸ್ ಇಟ್ಟಿದ್ದರೆ 306 ಪಿಕ್ಸೆಲ್ ಏರುತ್ತಿತ್ತು. ಪಟ್ಟಿಯ ಎಡಭಾಗದಲ್ಲಿ ಸಾವಿರದ ನಾನೂರು ಪಿಕ್ಸೆಲ್‌ಗಿಂತ ಜಾಸ್ತಿ ಅಗಲ ಖಾಲಿ ಇದೆ. ಸಬ್‌ಟೈಟಲ್‌ನ ಎರಡು ಸಾಲು ಅಲ್ಲಿ ಆರಾಮಾಗಿ ಕೂರುತ್ತದೆ, ಟೀಸರನ್ನು ಮುಟ್ಟುವುದೇ ಇಲ್ಲ.

ಎರಡು ಎಚ್ಚರಿಕೆ. ಒಂದು, ಪಟ್ಟಿ ಎಲ್ಲ ಟೀಸರ್‌ಗೂ ಒಂದೇ ಅಲ್ಲ. 2.35:1 ಆದರೆ ಪಟ್ಟಿ ಇನ್ನೂ ಕೆಲವು ಪಿಕ್ಸೆಲ್ ತೆಳ್ಳಗಿರುತ್ತದೆ, ಪೂರ್ತಿ 16:9 ಆದರೆ ಇರುವುದೇ ಇಲ್ಲ. ಟೀಸರ್‌ನ ಬೆಳಕಿನ ದೃಶ್ಯದಲ್ಲಿ ನಿಲ್ಲಿಸಿ ನೋಡಿ. ಕತ್ತಲ ದೃಶ್ಯದಲ್ಲಿ ಪಟ್ಟಿ ಎಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲ. ಎರಡು, ಕೆಲವು ಟೀಸರ್‌ಗಳಲ್ಲಿ ನಿರ್ಮಾಣ ಸಂಸ್ಥೆಯ ಲೋಗೋ 16:9ರಲ್ಲಿದ್ದು, ಆಮೇಲೆ ಚಿತ್ರ ಸ್ಕೋಪ್ ಆಗುತ್ತದೆ. ಮೇಲಕ್ಕೆ ತಳ್ಳಿದಾಗ ಆ ಲೋಗೋದ ತಲೆ ಕತ್ತರಿಸಿಹೋಗುತ್ತದೆ. ಲೋಗೋ ಮುಗಿಯುವ ಕಟ್‌ನಿಂದ ತಳ್ಳಿದರೆ ಸಾಕು.

16:9ರ ಕ್ಲಿಪ್ ಆದರೆ ಈ ಉಪಾಯ ನಡೆಯುವುದಿಲ್ಲ. ಆಗ ಕ್ಲಿಪ್ಪನ್ನು ಪೂರ್ತಿ ಬಿಟ್ಟು ಬಾಕ್ಸ್ ಅದರ ಮೇಲೇ ಇಡುತ್ತೇನೆ. ಕ್ಲಿಪ್ ಕುಗ್ಗಿಸಿ ಸುತ್ತ ಜಾಗ ಮಾಡಿಕೊಳ್ಳುವುದು ನನಗೆ ಹಿಡಿಸುವುದಿಲ್ಲ.

ಮುಖ ಪೂರ್ತಿ ವಿಡಿಯೊದಲ್ಲಿ ಇರ್ಲೇಬೇಕಾ?

ಬೇಡ. ಎರಡು ನಿಮಿಷದ ಟೀಸರ್‌ಗೆ ಹತ್ತು ನಿಮಿಷದ ರಿಯಾಕ್ಷನ್ ಎಂದುಕೊಳ್ಳಿ. ಅದರಲ್ಲಿ ಮೂರು ಬಗೆಯ ಹೊತ್ತು ಇರುತ್ತದೆ: ಟೀಸರ್ ಓಡುವಾಗ, ನಿಲ್ಲಿಸಿ ಒಂದು ಫ್ರೇಮ್ ಬಗ್ಗೆ ಮಾತಾಡುವಾಗ, ಟೀಸರ್ ಬಿಟ್ಟು ನಿಮ್ಮ ಅಭಿಪ್ರಾಯ ಹೇಳುವಾಗ. ಮೂರಕ್ಕೂ ಬೇರೆ ಬೇರೆ ವಿನ್ಯಾಸ ಬೇಕು.

ಓಡುವಾಗ ಮೇಲೆ ಹೇಳಿದ ಮೂಲೆಯ ಬಾಕ್ಸ್. ಕೊನೆಯ ಅಭಿಪ್ರಾಯಕ್ಕೆ ಪೂರ್ತಿ ಫ್ರೇಮ್ ನಿಮ್ಮ ಮುಖ, ಪಕ್ಕದಲ್ಲಿ ಏನೂ ಬೇಡ. ನಡುವಿನದಕ್ಕೆ ನಾನು ಮಾಡುವುದು ಹೀಗೆ. ಟೀಸರನ್ನು ಮುಕ್ಕಾಲು ಅಳತೆಗೆ ಇಳಿಸಿದರೆ ಚಿತ್ರ 1440×603 ಆಗುತ್ತದೆ. ಬಲಗಡೆ 480 ಪಿಕ್ಸೆಲ್ ಉಳಿಯಿತು. ಅಲ್ಲಿ ಮುಖವನ್ನು 480×603ಕ್ಕೆ ಕತ್ತರಿಸಿ ಕೂರಿಸಿ. ಎರಡರ ಎತ್ತರ ಒಂದೇ ಆದ್ದರಿಂದ ಉದ್ದನೆಯ ಒಂದೇ ಪಟ್ಟಿಯ ಹಾಗೆ ಕಾಣುತ್ತದೆ. ಇದನ್ನು ನಡುವಿಗೆ ಇಡದೆ ಸ್ವಲ್ಪ ಮೇಲಿಡಿ: ಮೇಲೆ 180 ಬಿಟ್ಟರೆ ಕೆಳಗೆ 297 ಸಿಗುತ್ತದೆ, ಅದು ಬರಹಕ್ಕೆ. ಇಲ್ಲಿ ಟೀಸರ್ ಕುಗ್ಗಿದೆ, ನಿಜ. ಆದರೆ ಆಗ ಅದು ಓಡುತ್ತಿಲ್ಲ, ನಿಂತ ಚಿತ್ರ. ಮಾತೇ ಮುಖ್ಯ.

ವಿನ್ಯಾಸ ಬದಲಿಸುವುದು ಯಾವಾಗ? ಟೀಸರ್ ನಿಂತಾಗ ಅಥವಾ ಅದರೊಳಗೇ ಒಂದು ಕಟ್ ಬಂದಾಗ. ಒಂದು ಶಾಟ್ ನಡುವೆ ಬದಲಿಸಿದರೆ ತಪ್ಪಿ ಏನೋ ಒತ್ತಿದ ಹಾಗೆ ಕಾಣುತ್ತದೆ. ಜಾರುವ, ತಿರುಗುವ ಟ್ರಾನ್ಸಿಷನ್ ಬೇಡವೇ ಬೇಡ, ನೇರ ಕಟ್ ಸಾಕು.

ನಾನು ಎಲ್ಲೋ ನೋಡ್ತಿರೋ ಹಾಗೆ ಕಾಣ್ತೀನಿ, ಟೀಸರ್ ನೋಡೋ ಹಾಗೆ ಅನ್ಸಲ್ಲ

ನಿಮ್ಮ ಬಾಕ್ಸ್ ಬಲ ಮೂಲೆಯಲ್ಲಿದೆ, ನೀವು ಬಲಕ್ಕೇ ನೋಡುತ್ತಿದ್ದೀರಿ. ಅಂದರೆ ಫ್ರೇಮಿನ ಹೊರಗೆ. ಬಾಕ್ಸ್ ಬಲಗಡೆ ಇದ್ದರೆ ನೋಟ ಎಡಕ್ಕೆ, ಟೀಸರ್ ಕಡೆಗೆ ಹೋಗಬೇಕು.

ಇದನ್ನು ಮೇಜಿನ ಮೇಲೆ ಸರಿ ಮಾಡಬೇಕು. ಕ್ಯಾಮೆರಾ ಎದುರು ಕೂತಾಗ ಟೀಸರ್ ಓಡುವ ಪರದೆ ನಿಮ್ಮ ಬಲಗೈ ಕಡೆ ಇರಲಿ. ನಿಮ್ಮ ಬಲ, ನೋಡುವವರಿಗೆ ಎಡ. ಪರದೆ ಕ್ಯಾಮೆರಾಕ್ಕೆ ತೀರಾ ಪಕ್ಕದಲ್ಲೇ ಇರಲಿ. ದೂರ ಇಟ್ಟರೆ ಬರೀ ಕಿವಿ ಕಾಣುತ್ತದೆ. ಪರದೆ ಸರಿಸಲು ಜಾಗವಿಲ್ಲದಿದ್ದರೆ ಬಾಕ್ಸನ್ನೇ ಎಡ ಮೂಲೆಗೆ ಹಾಕಿ, ಅದು ಸುಲಭ.

ಚಿತ್ರವನ್ನು ಎಡಬಲ ಮಗುಚುವುದು ಕೊನೆಯ ದಾರಿ. ಹಿಂದೆ ಗೋಡೆಯ ಮೇಲೆ ಕನ್ನಡ ಪೋಸ್ಟರ್ ಇದ್ದರೆ ಅಥವಾ ಟೀ ಶರ್ಟ್ ಮೇಲೆ ಬರಹ ಇದ್ದರೆ ಅಕ್ಷರ ಉಲ್ಟಾ ಆಗುತ್ತದೆ. ನಮ್ಮ ಜನ ಅದನ್ನು ಮೊದಲ ನಿಮಿಷದಲ್ಲೇ ಹಿಡಿಯುತ್ತಾರೆ.

ಬಾಕ್ಸ್‌ಗೆ ಬಾರ್ಡರ್, ಹಿಂದೆ ಬ್ಲರ್ ಹಾಕಿದ್ರೆ ಪ್ರೊಫೆಷನಲ್ ಆಗಿ ಕಾಣಲ್ವಾ?

ಬಾರ್ಡರ್ ಬೇಕಾಗುವುದು ಕ್ಲಿಪ್ ಮತ್ತು ಮುಖದ ಹಿನ್ನೆಲೆ ಎರಡೂ ಕತ್ತಲಾಗಿದ್ದು ಒಂದರೊಳಗೊಂದು ಕರಗಿದಾಗ. ಆಗ ಮೂರು ನಾಲ್ಕು ಪಿಕ್ಸೆಲ್‌ನ ಬಿಳಿ ಅಥವಾ ತಿಳಿ ಬೂದು ಗೆರೆ ಸಾಕು. ಹೊಳೆಯುವ, ಬಣ್ಣ ಬದಲಿಸುವ ಚೌಕಟ್ಟು ಟೀಸರ್ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಬ್ಲರ್ ಹಿನ್ನೆಲೆ ಬಗ್ಗೆ ನನಗೆ ತಕರಾರಿದೆ. ಅದೇ ಕ್ಲಿಪ್ಪನ್ನು ಹಿಗ್ಗಿಸಿ ಮಸುಕು ಮಾಡಿ ಖಾಲಿ ಜಾಗ ತುಂಬುತ್ತಾರೆ. ಆದರೆ ಆ ಮಸುಕು ಚಲಿಸುತ್ತಿರುತ್ತದೆ. ಕಣ್ಣು ಚಲನೆಯ ಹಿಂದೆ ಹೋಗುತ್ತದೆ, ಅಲ್ವಾ? ಬದಲಿಗೆ ಒಂದೇ ಗಾಢ ಬಣ್ಣ ಹಾಕಿ. ತೀರಾ ಕಪ್ಪು ಬೇಡವಾದರೆ ಕಡು ಬೂದು.

ಮುಖ ಹಾಕಿ, ಟೀಸರ್ ಚಿಕ್ಕದು ಮಾಡಿದ್ರೆ ಕಾಪಿರೈಟ್ ಬರಲ್ಲ ಅಂತಾರಲ್ಲ?

ವಿನ್ಯಾಸದಿಂದ ಹಕ್ಕು ಸಿಗುವುದಿಲ್ಲ. ಯೂಟ್ಯೂಬ್‌ನ ಕಂಟೆಂಟ್ ಐಡಿ ಚಿತ್ರವನ್ನೂ ಧ್ವನಿಯನ್ನೂ ಹೋಲಿಸಿ ನೋಡುತ್ತದೆ. ಕ್ಲಿಪ್ ಚಿಕ್ಕದಾದ ಮಾತ್ರಕ್ಕೆ, ಸುತ್ತ ಚೌಕಟ್ಟು ಬಂದ ಮಾತ್ರಕ್ಕೆ ಅದರಿಂದ ತಪ್ಪಿಸಿಕೊಂಡಂತಲ್ಲ. ಭಾರತದ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತದೆ. ಆದರೆ ಯಾವುದು ನ್ಯಾಯವಾದದ್ದು ಎನ್ನುವುದು ಆಯಾ ಪ್ರಕರಣಕ್ಕೆ ಬಿಟ್ಟದ್ದು. ನಿಲ್ಲಿಸಿ, ಬಿಡಿಸಿ, ಮಾತಾಡಿದ ವಿಡಿಯೊಗೆ ವಾದಿಸಲು ಏನಾದರೂ ಇರುತ್ತದೆ. ಪೂರ್ತಿ ಹಾಡು ಓಡಿಸಿ ಮೂಲೆಯಲ್ಲಿ ತಲೆ ಆಡಿಸಿದರೆ ಇರುವುದಿಲ್ಲ.

## ಹೋಲಿಕೆ ವಿಡಿಯೊ

ಎರಡು ಫೋನ್ ಕ್ಯಾಮೆರಾ ಹೋಲಿಸ್ಬೇಕು. ಸರಿಯಾಗಿ ಪಕ್ಕ ಪಕ್ಕ ಕೂರೋದೇ ಇಲ್ಲ

ಚರ್ಚ್ ಸ್ಟ್ರೀಟ್‌ನಲ್ಲಿ ರಾತ್ರಿ ಹೊತ್ತು ಮಾಡಿದ ಒಂದು ಹೋಲಿಕೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಎರಡು ಫೋನ್ ಹೋಲ್ಡರ್ ಇರುವ ಒಂದೇ ಪಟ್ಟಿಯನ್ನು ಟ್ರೈಪಾಡ್ ಮೇಲೆ ಹಾಕಿದೆವು. ಎರಡು ಲೆನ್ಸ್ ನಡುವೆ ಹತ್ತು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ದೂರ. ಆ ದೂರದಿಂದಾಗಿ ಹತ್ತಿರದ ವಸ್ತು ಎರಡು ಚಿತ್ರದಲ್ಲಿ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ. ಆದ್ದರಿಂದ ಮಾತಾಡುವವರನ್ನು ಮೂರು ಮೀಟರ್ ಆಚೆ, ಪಟ್ಟಿಯ ನಡುವಿಗೆ ಸರಿಯಾಗಿ ನಿಲ್ಲಿಸಿದೆವು. ಒಂದು ಚಪ್ಪಾಳೆ ತಟ್ಟಿ ಶುರು. ಟೈಮ್‌ಲೈನ್‌ನಲ್ಲಿ ಎರಡನ್ನೂ ಹೊಂದಿಸಲು ಅದೇ ಗುರುತು.

ಎಡಿಟ್‌ನಲ್ಲಿ ಮೊದಲು ಕಂಡದ್ದು, ಒಂದರಲ್ಲಿ ಮನುಷ್ಯ ದೊಡ್ಡದು, ಇನ್ನೊಂದರಲ್ಲಿ ಚಿಕ್ಕದು. ಒಂದು ಫೋನಿನ ಮುಖ್ಯ ಲೆನ್ಸ್ 24 ಎಂಎಂ, ಇನ್ನೊಂದರದು 26 ಎಂಎಂ ಅಳತೆಗೆ ಸಮ. 26ನ್ನು 24ರಿಂದ ಭಾಗಿಸಿದರೆ 1.08. ಅಗಲ ಕಾಣುವ 24ರ ಚಿತ್ರವನ್ನು ನೂರಾ ಎಂಟು ಪರ್ಸೆಂಟ್ ಮಾಡಿದರೆ ಎರಡೂ ಹೊಂದುತ್ತವೆ. ನಡುವಿನ 957 ಪಿಕ್ಸೆಲ್ ಅಗಲ ಕತ್ತರಿಸಿ, ಎರಡರ ನಡುವೆ ಆರು ಪಿಕ್ಸೆಲ್‌ನ ಕಪ್ಪು ಗೆರೆ ಬಿಟ್ಟರೆ ಮುಗಿಯಿತು. ಗೆರೆ ಇಲ್ಲದಿದ್ದರೆ ಎರಡು ರಸ್ತೆಯೂ ಸೇರಿ ಒಂದೇ ವಿಚಿತ್ರ ರಸ್ತೆಯಾಗುತ್ತದೆ.

ಬಣ್ಣ, ಬೆಳಕು ಹೋಲಿಸುವಾಗ ಈ ಹಿಗ್ಗಿಸುವಿಕೆ ಪರವಾಗಿಲ್ಲ. ಸ್ಪಷ್ಟತೆ ಹೋಲಿಸುವಾಗ ಬೇಡ, ಹಿಗ್ಗಿಸಿದ ಫೋನಿಗೆ ಅನ್ಯಾಯವಾಗುತ್ತದೆ. ಅದಕ್ಕೆ 4ಕೆಯಲ್ಲಿ ಶೂಟ್ ಮಾಡಿ, 1080ರ ಟೈಮ್‌ಲೈನ್‌ನಲ್ಲಿ ಎರಡನ್ನೂ ಕುಗ್ಗಿಸದೆ ಮೂಲ ಅಳತೆಯಲ್ಲೇ ಇಟ್ಟು ಒಂದು ಚಿಕ್ಕ ಜಾಗ ತೋರಿಸಿ. ಅಂಗಡಿ ಬೋರ್ಡಿನ ಅಕ್ಷರ ಒಳ್ಳೆಯ ಜಾಗ. ನೋಡುವವರು ಎಡದಿಂದ ಬಲಕ್ಕೆ, ಮತ್ತೆ ಎಡಕ್ಕೆ ಕಣ್ಣು ಓಡಿಸಬೇಕಲ್ಲ, ಆದ್ದರಿಂದ ನಾಲ್ಕೈದು ಸೆಕೆಂಡಾದರೂ ನಿಲ್ಲಿಸಿ.

ಒಂದು ಕಡೆ ಅಂಗಡಿ ದೀಪ ಮಿಣುಕುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಕೆಲವು ಎಲ್‌ಇಡಿ ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಶಟರ್ 1/50 ಅಥವಾ 1/100 ಇದ್ದರೆ ಮಿಣುಕು ನಿಲ್ಲುತ್ತದೆ. ಆದರೆ ಇದು ಆಟೋ ಮೋಡ್ ಹೋಲಿಕೆಯಾಗಿದ್ದರಿಂದ ಹಾಗೇ ಬಿಟ್ಟೆವು. ಆ ಫೋನು ಹಾಗೆ ಮಾಡುತ್ತದೆ ಎನ್ನುವುದೂ ಒಂದು ಫಲಿತಾಂಶವೇ.

ಧ್ವನಿ ಮಾತ್ರ ಒಂದೇ ಫೋನಿನದು ಹಾಕಿ. ಎರಡೂ ಸೇರಿದರೆ ಆಟೋ ಹಾರನ್‌ಗೂ ಪ್ರತಿಧ್ವನಿ ಬರುತ್ತದೆ.

ಒಂದು ಕಡೆ ವಿಪರೀತ ಬಿಳಿ, ಇಲ್ಲ ಮಬ್ಬು. ಫೋನ್‌ನಲ್ಲಿ ಚೆನ್ನಾಗೇ ಇತ್ತು!

ಆ ಫೋನು ಎಚ್‌ಡಿಆರ್‌ನಲ್ಲಿ ರೆಕಾರ್ಡ್ ಮಾಡಿದೆ, ಇನ್ನೊಂದು ಮಾಡಿಲ್ಲ. ಇತ್ತೀಚಿನ ಐಫೋನ್‌ಗಳಲ್ಲಿ ಎಚ್‌ಡಿಆರ್ ವಿಡಿಯೊ ಮೊದಲೇ ಆನ್ ಆಗಿರಬಹುದು. ಸಾಮಾನ್ಯ ಟೈಮ್‌ಲೈನ್‌ಗೆ ಬದಲಾಯಿಸದೆ ಹಾಕಿದರೆ ಆಕಾಶ, ದೀಪ ಬಿಳಿಯಾಗಿ ಉರಿಯುತ್ತವೆ, ಇಲ್ಲವೇ ಇಡೀ ಚಿತ್ರ ಬಣ್ಣಗೆಡುತ್ತದೆ. ಆಗ ನೀವು ಹೋಲಿಸುತ್ತಿರುವುದು ಕ್ಯಾಮೆರಾವನ್ನಲ್ಲ, ಎಡಿಟ್ ಸೆಟ್ಟಿಂಗನ್ನು.

ಇದೇ ಕಾರಣವೇ ಎಂದು ತಿಳಿಯಲು ಆ ಫೈಲನ್ನು ಅದೇ ಫೋನಿನಲ್ಲಿ ನೋಡಿ. ಅಲ್ಲಿ ಚೆನ್ನಾಗಿದ್ದು ಟೈಮ್‌ಲೈನ್‌ನಲ್ಲಿ ಮಾತ್ರ ಕೆಟ್ಟಿದ್ದರೆ ಎಚ್‌ಡಿಆರ್ ಮೇಲೇ ಅನುಮಾನ. ಶೂಟ್‌ಗೆ ಮೊದಲು ಎರಡೂ ಫೋನಿನಲ್ಲಿ ಅದನ್ನು ಆಫ್ ಮಾಡುವುದು ಎಲ್ಲಕ್ಕಿಂತ ಸುಲಭ. ಐಫೋನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್‌ನ `Record Video` ಒಳಗೆ `HDR Video` ಸಿಗುತ್ತದೆ. ಶೂಟ್ ಆಗಿಹೋಗಿದ್ದರೆ ಎಡಿಟರ್‌ನ ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಬದಲಾಯಿಸಬೇಕು. ಬರೀ ಬ್ರೈಟ್‌ನೆಸ್ ಇಳಿಸಿ ಸರಿಮಾಡಲು ಹೋದರೆ ಹೋಲಿಕೆ ಕೆಡುತ್ತದೆ.

ಮಧ್ಯದ ಗೆರೆ ಎಳೆದು ತೋರಿಸೋ ಸ್ಲೈಡರ್ ಹಾಕ್ಲಾ?

ಎರಡೂ ಚಿತ್ರ ಒಂದೇ ಜಾಗದಿಂದ, ಒಂದೇ ಚೌಕಟ್ಟಿನಲ್ಲಿ ಇದ್ದಾಗ ಮಾತ್ರ. ಕಲರ್ ಗ್ರೇಡ್‌ಗೆ ಮೊದಲು ಮತ್ತು ಆಮೇಲೆ ತೋರಿಸಲು ಅದು ಬಹಳ ಚೆನ್ನ, ಯಾಕೆಂದರೆ ಎರಡೂ ಒಂದೇ ಕ್ಲಿಪ್. ಎರಡು ಫೋನಿನ ಚಿತ್ರಕ್ಕೆ ಹಾಕಿದರೆ ಗೆರೆ ದಾಟಿದ ಕೂಡಲೇ ಮುಖ ಪಕ್ಕಕ್ಕೆ ಜಿಗಿಯುತ್ತದೆ.

ಕನ್ನಡದಲ್ಲಿ ಹೆಸರು ಹಾಕಿದ್ರೆ ಅಕ್ಷರದ ಕೆಳಗೆ ಕಟ್ ಆಗುತ್ತೆ

ಟೆಂಪ್ಲೇಟ್‌ನ ಪಟ್ಟಿ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಮಾಡಿದ್ದು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಗುಡಿಸು ಮೇಲೆ ಏರುತ್ತದೆ. ಪಟ್ಟಿಯ ಎತ್ತರವನ್ನು ಅಕ್ಷರದ ಅಳತೆಯ ಎರಡು ಪಟ್ಟಿನ ಹತ್ತಿರ ಇಟ್ಟುಕೊಳ್ಳಿ. 48ರ ಅಕ್ಷರಕ್ಕೆ ಸುಮಾರು 90 ಪಿಕ್ಸೆಲ್. "ಸ್ತ್ರೀ", "ರಾಷ್ಟ್ರ" ಬರೆದು ನೋಡಿ, ಅವು ಕೂತರೆ ಬೇರೆಲ್ಲ ಕೂರುತ್ತವೆ.

ಹೆಸರನ್ನು ಮೇಲಿನ ಹೊರ ಮೂಲೆಗಳಲ್ಲಿ ಇಡಿ, ಎಡದ್ದು ಎಡ ಮೂಲೆಗೆ, ಬಲದ್ದು ಬಲ ಮೂಲೆಗೆ. ಎಡಕ್ಕೆ ಒಮ್ಮೆ ಬಂದ ಫೋನು ಕೊನೆಯವರೆಗೂ ಎಡಕ್ಕೇ ಇರಲಿ.

## ಸ್ವಲ್ಪ ಮುಂದೆ ಹೋದವರಿಗೆ

ಶುರುವಿನಲ್ಲಿ ಸರಿ ಇರುತ್ತೆ, ಐದಾರು ನಿಮಿಷ ಆದ್ಮೇಲೆ ನಾನು ಜೋಕ್‌ಗೆ ಮೊದಲೇ ನಗ್ತಿರ್ತೀನಿ!

ತಪ್ಪು ಎರಡು ಬಗೆ. ಮೊದಲಿಂದ ಕೊನೆಯವರೆಗೂ ಅಂತರ ಒಂದೇ ಇದ್ದರೆ ಕ್ಲಿಪ್ಪನ್ನು ಆಚೀಚೆ ಸರಿಸಿದರೆ ಆಯಿತು. ಅಂತರ ಬೆಳೆಯುತ್ತಾ ಹೋದರೆ ಸರಿಸಿ ಪ್ರಯೋಜನವಿಲ್ಲ, ಮೂಲದಲ್ಲೇ ತೊಂದರೆ ಇದೆ. ಬಹಳ ಸಲ ಕಾರಣ ಫೋನು. ಬೆಳಕು ಕಡಿಮೆಯಾದಾಗ, ಫೋನು ಬಿಸಿಯಾದಾಗ ಸೆಕೆಂಡಿಗೆ ಮೂವತ್ತು ಫ್ರೇಮ್ ಎಂದು ಹೇಳಿ ಅದು ಕಡಿಮೆ ಹಿಡಿಯುತ್ತದೆ, ಒಮ್ಮೊಮ್ಮೆ ಜಾಸ್ತಿ. ಇದನ್ನು ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಕೆಲವು ಎಡಿಟರ್‌ಗಳು ಇದನ್ನು ಸರಿಯಾಗಿ ಓದುವುದಿಲ್ಲ.

ಎಡಿಟ್‌ಗೆ ಮೊದಲು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು, ವಿಡಿಯೊ ವಿಭಾಗದಲ್ಲಿ `Constant Framerate` ಆರಿಸಿ, `30` ಎಂದು ಕೊಟ್ಟು ಹೊಸ ಫೈಲ್ ಮಾಡಿ. ಅದನ್ನೇ ಟೈಮ್‌ಲೈನ್‌ಗೆ ಹಾಕಿ. ಮುಂದಿನ ಸಲ ರೆಕಾರ್ಡಿಂಗ್ ಕೊನೆಗೂ ಒಂದು ಚಪ್ಪಾಳೆ ತಟ್ಟಿ. ಮೊದಲ ಚಪ್ಪಾಳೆ ಹೊಂದಿಸಿದ ಮೇಲೆ ಕೊನೆಯದೂ ಹೊಂದಿದೆಯಾ ಎಂದು ನೋಡಿದರೆ ಒಂದು ನಿಮಿಷದಲ್ಲಿ ವಿಷಯ ತಿಳಿಯುತ್ತದೆ.

ಇನ್ನೊಂದು ಮಾತು. ಟೀಸರ್ ನಿಲ್ಲಿಸಿ ನಿಲ್ಲಿಸಿ ನೋಡಿದ್ದರೆ ಪ್ರತಿ ನಿಲುಗಡೆಯ ನಂತರ ಬೇರೆಯಾಗಿ ಹೊಂದಿಸಬೇಕು. ಅದು ಜಾರುವಿಕೆಯಲ್ಲ. ನೀವು ಪ್ಲೇ ಒತ್ತಿದ ಕ್ಷಣಕ್ಕೂ ಧ್ವನಿ ಬಂದ ಕ್ಷಣಕ್ಕೂ ಇರುವ ಅಂತರ ಪ್ರತಿ ಸಲ ಬೇರೆ.

ಇದನ್ನೇ ಶಾರ್ಟ್ಸ್ ಮಾಡೋದು ಹೇಗೆ?

ಅಡ್ಡ ವಿನ್ಯಾಸವನ್ನು ಹಾಗೇ ನಿಲ್ಲಿಸಲು ಹೋಗಬೇಡಿ. 1080×1920ರ ಫ್ರೇಮಿನಲ್ಲಿ ಸ್ಕೋಪ್ ಟೀಸರ್ ಪೂರ್ತಿ ಅಗಲಕ್ಕೆ ಕೂತರೆ ಎತ್ತರ ಬರೀ 452 ಪಿಕ್ಸೆಲ್, ರಿಬ್ಬನ್ ತರಹ. ಟೀಸರನ್ನು 1080×810ಕ್ಕೆ ಕತ್ತರಿಸಿ ಮೇಲೆ ಇಡಿ. ಇದರಲ್ಲಿ ಟೀಸರ್ ಅಗಲದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಉಳಿಯುತ್ತದೆ. ಆದ್ದರಿಂದ ಪ್ರತಿ ಶಾಟ್‌ಗೂ ಮುಖ್ಯ ವ್ಯಕ್ತಿ ಇರುವ ಕಡೆಗೆ ಕತ್ತರಿಯನ್ನು ಸರಿಸಬೇಕು. ಬೇಜಾರಿನ ಕೆಲಸ, ಆದರೆ ಅರ್ಧ ನಿಮಿಷದ ಶಾರ್ಟ್ಸ್‌ಗೆ ಸಾಧ್ಯ.

ಕೆಳಗಿನ 1110 ಪಿಕ್ಸೆಲ್ ನಿಮ್ಮ ಮುಖಕ್ಕೆ. ಆದರೆ ಅದರ ಕೆಳಭಾಗದಲ್ಲಿ ಶೀರ್ಷಿಕೆ, ಬಲಗಡೆ ಲೈಕ್ ಬಟನ್‌ಗಳು ಬರುತ್ತವೆ. ಕಣ್ಣು, ಬಾಯಿ ಆ ಭಾಗದ ಮೇಲಿನ ಅರ್ಧದಲ್ಲಿರಲಿ, ಎದೆಯ ಮೇಲೆ ಬಟನ್ ಬಂದರೆ ನಷ್ಟವಿಲ್ಲ. ಸಬ್‌ಟೈಟಲ್ ಎರಡು ಚಿತ್ರ ಸೇರುವ ಗೆರೆಯ ಮೇಲೆ ಹಾಕಿ. ಕಣ್ಣು ಮೇಲಿಂದ ಕೆಳಗೆ ಹೋಗುವಾಗ ಅಲ್ಲಿ ಹೇಗೂ ದಾಟುತ್ತದೆ.

ವಾರಕ್ಕೆ ಮೂರು ವಿಡಿಯೊ ಮಾಡ್ತೀನಿ. ಪ್ರತಿ ಸಲ ಕೈಯಲ್ಲಿ ಜೋಡಿಸೋದು ತಪ್ಪಿಸೋಕಾಗಲ್ವಾ?

ಆಗುತ್ತದೆ. ಎಡಿಟರ್‌ನಲ್ಲಿ ಮೇಲಿನ ಮೂರೂ ವಿನ್ಯಾಸ ಇರುವ ಒಂದು ಖಾಲಿ ಪ್ರಾಜೆಕ್ಟ್ ಇಟ್ಟುಕೊಂಡು ಪ್ರತಿ ಸಲ ಅದರ ಪ್ರತಿ ತೆಗೆಯಿರಿ. ಒಬಿಎಸ್‌ನಲ್ಲಾದರೆ ಮೂರು ಸೀನ್ ಮಾಡಿ, ಒಂದೊಂದಕ್ಕೆ ಒಂದು ಹಾಟ್‌ಕೀ ಕೊಡಿ. ಆದರೆ ಒಬಿಎಸ್‌ನಲ್ಲಿ ಜೋಡಿಸಿಯೇ ರೆಕಾರ್ಡ್ ಮಾಡಿದರೆ ಆಮೇಲೆ ಮುಖವನ್ನು ಬೇರ್ಪಡಿಸಲು ಆಗುವುದಿಲ್ಲ. ಮುಖವನ್ನು ಫೋನಿನಲ್ಲಿ ಬೇರೆಯಾಗಿಯೂ ಹಿಡಿದಿಟ್ಟುಕೊಳ್ಳುವುದು ನನಗೆ ಇಷ್ಟ.

ಕಮಾಂಡ್ ಬರೆಯಲು ಹೆದರದವರಿಗೆ ಎಫ್‌ಎಫ್‌ಎಂಪೆಗ್ ಇದೆ. ಇದು ಸ್ಕೋಪ್ ಟೀಸರ್‌ನ ಕಪ್ಪು ಪಟ್ಟಿ ಕತ್ತರಿಸಿ, ಚಿತ್ರವನ್ನು ಮೇಲಕ್ಕೆ ಕೂರಿಸಿ, ಮುಖವನ್ನು 380×420ಕ್ಕೆ ಕತ್ತರಿಸಿ ಬಲ ಮೂಲೆಯಲ್ಲಿ ಇಡುತ್ತದೆ:

```
ffmpeg -i teaser.mp4 -i face.mp4 -filter_complex \
"[0:v]crop=1920:804,pad=1920:1080:0:0[c];\
[1:v]scale=-2:420,crop=380:420[f];\
[c][f]overlay=W-w-24:H-h-24[v]" \
-map "[v]" -map 0:a out.mp4
```

ಎರಡು ಫೈಲೂ ಒಂದೇ ಕ್ಷಣದಿಂದ ಶುರುವಾಗುವಂತೆ ಮೊದಲೇ ಕತ್ತರಿಸಿರಬೇಕು. ಟೀಸರ್ 1920×1080 ಇರಬೇಕು, ಮುಖದ ವಿಡಿಯೊ 16:9 ಇದ್ದು ಮುಖ ಅದರ ನಡುವಿನಲ್ಲಿರಬೇಕು. ಧ್ವನಿ ಇಲ್ಲಿ ಟೀಸರ್‌ನದು ಮಾತ್ರ ಬರುತ್ತದೆ. ನಿಮ್ಮ ಮಾತನ್ನು ಎಡಿಟರ್‌ನಲ್ಲಿ ಸೇರಿಸಿಕೊಳ್ಳಿ, ಅದಕ್ಕೆ ರೆಕಾರ್ಡ್ ಮಾಡುವಾಗ ಇಯರ್‌ಫೋನ್ ಹಾಕಿಕೊಂಡಿರಬೇಕು. ಇಲ್ಲದಿದ್ದರೆ ಮೈಕ್‌ನೊಳಗೂ ಟೀಸರ್ ನುಗ್ಗಿ ಎರಡೆರಡು ಸಲ ಕೇಳುತ್ತದೆ.